‘ಆಂಸ್ಯಾಂ’ ಎಲ್ಲ ಕಡೆಯೂ ‘ಹಳೆಯ’ ಅಲ್ಲ

“ಮಾನ್ಯ ಸಂಪಾದಕರಿಗೆ ನಮಸ್ಕಾರ. ಒಂದು ಫ್ರೆಂಚ್ ಸಣ್ಣಕಥೆಯನ್ನು ಮೂಲದಿಂದಲೇ ಅನುವಾದಿಸಿ ಕಳುಹಿಸುತ್ತಿದ್ದೇನೆ. ‘ಆಂಸ್ಯಾಂ’ ಬಂದಲ್ಲೆಲ್ಲ ‘ಹಳೆಯ’ ಎಂದೇ ಬರೆದಿದ್ದೇನೆ. ‘ಶೆರ್’ ಎಂಬುದು ನಾಮಪದಕ್ಕೆ ಮೊದಲು ಬಂದರೆ ‘ಪ್ರೀತಿಯ’, ಆಮೇಲೆ ಬಂದರೆ ‘ದುಬಾರಿ’ ಎಂಬ ನಿಯಮ ಪಾಲಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ಮುಚ್ಚುಮರೆಯಿಲ್ಲದೆ ತಿಳಿಸಿ.”

ನಮಸ್ಕಾರ. ಈಗಿನ ರೂಪದಲ್ಲಿ ಕಥೆಯನ್ನು ಪ್ರಕಟಿಸಲಾರೆವು. ನಿಮ್ಮ ಕನ್ನಡ ಸಲೀಸಾಗಿದೆ, ಸಂಭಾಷಣೆಗಳಲ್ಲಿ ಜೀವವಿದೆ. ಆದರೆ ಮೂಲವನ್ನು ಪಕ್ಕದಲ್ಲಿಟ್ಟು ಓದಿದಾಗ ಕೆಲವು ಕಡೆ ಕಥೆಯೇ ಅಡಿಮೇಲಾಗಿರುವುದು ಕಂಡಿತು.

ಮೊದಲ ಪುಟದಲ್ಲಿ “ನನ್ನ ಹಳೆಯ ಗೆಳೆಯ ಬಾಗಿಲು ತೆರೆದ” ಎಂದು ಬರೆದಿದ್ದೀರಿ. ಕನ್ನಡದಲ್ಲಿ ಇದನ್ನು ಓದಿದವರಿಗೆ ವರ್ಷಗಳಿಂದ ಉಳಿದುಬಂದ ಸ್ನೇಹ ಕಾಣುತ್ತದೆ. ಮೂಲದಲ್ಲಿರುವುದು ‘ಆಂಸ್ಯೆನ್ ಆಮಿ’; ‘ಆಂಸ್ಯೆನ್’ ಎಂಬುದು ಅದೇ ‘ಆಂಸ್ಯಾಂ’ ಪದದ ಇನ್ನೊಂದು ಉಚ್ಚಾರ. ವಿಶೇಷಣ ಮೊದಲು ಬಂದಿರುವುದರಿಂದ ಅವನು ಒಂದು ಕಾಲದಲ್ಲಿ ಗೆಳೆಯನಾಗಿದ್ದವನು, ಈಗ ಅಲ್ಲ. ಬಹುಕಾಲದ ಗೆಳೆಯ ಎನ್ನಬೇಕಿದ್ದರೆ ಲೇಖಕರು ‘ವಿಯೇಯ್ ಆಮಿ’ ಎನ್ನುತ್ತಿದ್ದರು. ಮುಂದಿನ ಪುಟದಲ್ಲಿ ಅವನು ಬಂದವನಿಗೆ ಕುಳಿತುಕೊಳ್ಳಲೂ ಹೇಳುವುದಿಲ್ಲ. ನಿಮ್ಮ ಓದುಗರಿಗೆ ಅದು ಕಾರಣವಿಲ್ಲದ ಒರಟುತನವಾಗುತ್ತದೆ. ಫ್ರೆಂಚ್ ಓದುಗರಿಗೆ ಮುರಿದ ಸ್ನೇಹದ ಸುಳಿವು ಬಾಗಿಲಲ್ಲೇ ಸಿಕ್ಕಿರುತ್ತದೆ.

ನಾಮಪದಕ್ಕೆ ಮೊದಲು ನಿಂತ ‘ಆಂಸ್ಯಾಂ’ ವಸ್ತುವಿನ ವಯಸ್ಸನ್ನು ಹೇಳುವುದಿಲ್ಲ, ಆ ಹೆಸರು ಅದಕ್ಕೆ ಸಲ್ಲುತ್ತಿದ್ದ ಕಾಲ ಮುಗಿದಿದೆ ಎನ್ನುತ್ತದೆ. ಆಮೇಲೆ ನಿಂತರೆ ವಯಸ್ಸು: ‘ಮ್ಯೋಬ್ಲ್ ಆಂಸ್ಯಾಂ’ ಎಂದರೆ ಹಳೆಯ ಕಾಲದ ಪೀಠೋಪಕರಣ, ಅದು ಈಗಲೂ ಪೀಠೋಪಕರಣವೇ. ಪ್ಯಾರಿಸ್ಸಿನ ಓರ್ಸೇ ನಿಲ್ದಾಣವನ್ನು ನೋಡಿ. ಅದು 1900ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ ರೈಲು ನಿಲ್ದಾಣ. ರೈಲುಗಳು ಉದ್ದವಾದಂತೆ ಅಲ್ಲಿನ ಪ್ಲಾಟ್‌ಫಾರಂಗಳು ಸಾಲದೆ ಹೋದವು, 1939ರ ಹೊತ್ತಿಗೆ ದೂರದ ರೈಲುಗಳು ನಿಂತವು, 1986ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಫ್ರೆಂಚರು ಅದನ್ನು ‘ಆಂಸ್ಯೆನ್ ಗಾರ್’ ಎನ್ನುತ್ತಾರೆ. ‘ಗಾರ್ ಆಂಸ್ಯೆನ್’ ಎಂದು ತಿರುಗಿಸಿದರೆ, ಹಳೆಯದಾದರೂ ನಿಲ್ದಾಣವೇ ಆಗಿರುವ ಕಟ್ಟಡ ಕಣ್ಮುಂದೆ ಬರುತ್ತದೆ.

ಆದ್ದರಿಂದ ಪ್ರತಿ ಸಲವೂ ‘ಇದು ಈಗಲೂ ಅದೇ ಆಗಿದೆಯೇ’ ಎಂದು ಕೇಳಿಕೊಳ್ಳಿ. ಅಲ್ಲ ಎಂದಾದರೆ ‘ಹಳೆಯ’ವನ್ನು ಅನುಮಾನದಿಂದ ನೋಡಿ. ನಮ್ಮಲ್ಲಿ ವಿಶೇಷಣ ಸಾಮಾನ್ಯವಾಗಿ ನಾಮಪದದ ಮೊದಲೇ ಬರುವುದರಿಂದ ಸ್ಥಾನ ಬದಲಿಸಿ ಈ ವ್ಯತ್ಯಾಸ ತೋರಿಸಲಾಗದು. ‘ನಮ್ಮ ಹಳೆಯ ಮನೆ’ ಎಂದರೆ ಮೊದಲು ವಾಸವಿದ್ದ ಮನೆಯೂ ಹೌದು, ಶಿಥಿಲವಾದ ಮನೆಯೂ ಹೌದು. ‘ಮಾಜಿ’ ಪದವಿಗಳಿಗೆ ಒಗ್ಗುತ್ತದೆ, ಕಟ್ಟಡಗಳಿಗೆ ಒಗ್ಗುವುದಿಲ್ಲ. ನಿಮ್ಮ ಕಥೆಯ ‘ಹಳೆಯ ಶಾಲೆ’ಯಲ್ಲಿ ಈಗ ಬಾಗಿಲು ತೆರೆದ ಆ ಮನುಷ್ಯ ಸಂಸಾರ ಹೂಡಿದ್ದಾನೆ. ಅದನ್ನು ‘ಹಿಂದೆ ಶಾಲೆಯಾಗಿದ್ದ ಮನೆ’ ಎಂದು ಬಿಡಿಸಿಯೇ ಬರೆಯಬೇಕು. ಗೆಳೆಯನಿಗೆ ‘ಒಂದು ಕಾಲದ ಗೆಳೆಯ’ ಸಾಕು.

ಸ್ಥಾನದ ನಿಯಮವೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಬೈಬಲಿನ ಹಳೆಯ ಒಡಂಬಡಿಕೆಗೆ ಫ್ರೆಂಚಿನಲ್ಲಿ ‘ಆಂಸ್ಯಾಂ’ ಮೊದಲೇ ಬರುತ್ತದೆ, ಅಲ್ಲಿ ‘ಹಳೆಯ’ವೇ ಸರಿ. ರೂಢಿಯಿಂದ ಗಟ್ಟಿಯಾದ ಹೆಸರುಗಳನ್ನು ನಿಘಂಟಿನಲ್ಲಿ ನೋಡಿಕೊಳ್ಳಬೇಕು.

‘ಶೆರ್’ ವಿಷಯದಲ್ಲಿ ನೀವು ಎಡವಿರುವುದು ಇಂಥದ್ದೇ ನಂಬಿಕೆಯಿಂದ. ‘ಮೋಂ ಶೆರ್ ಆಮಿ’ ಪ್ರೀತಿಯ ಗೆಳೆಯ, ‘ರೆಸ್ತೊರಾಂ ಶೆರ್’ ದುಬಾರಿ ಹೋಟೆಲು, ಇಷ್ಟು ಸರಿ. ಆದರೆ ‘ಎತ್ರ್ ಶೆರ್’ ಎಂದರೆ ಪ್ರೀತಿಪಾತ್ರ ವ್ಯಕ್ತಿ, ವಿಶೇಷಣ ಆಮೇಲೆ ಬಂದಿದ್ದರೂ ಬೆಲೆಯ ಮಾತಿಲ್ಲ. ಇನ್ನೂ ಮುಖ್ಯವಾಗಿ, ‘ಶೆರ್’ ಆದಮೇಲೆ ‘ಆ’ ಎಂಬ ಸಣ್ಣ ಪದ ಮತ್ತು ಒಬ್ಬ ವ್ಯಕ್ತಿ ಬಂದರೆ ಅರ್ಥ ಮಮತೆಯ ಕಡೆಗೆ ವಾಲುತ್ತದೆ. ‘ಮೆಜೋಂ ಶೆರ್ ಆ ಮೋಂ ಪೆರ್’ ಎಂಬ ಸಾಲನ್ನು ನೀವು “ಅಪ್ಪನಿಗೆ ದುಬಾರಿಯಾದ ಮನೆ” ಎಂದು ಮಾಡಿದ್ದೀರಿ. ಅದು “ಅಪ್ಪನ ಮನಸ್ಸಿಗೆ ಹತ್ತಿರವಾದ ಮನೆ”. ಕೈಗೆಟುಕದ ಬೆಲೆಯಾಗಿದ್ದರೆ ‘ಆ’ ಬದಲು ‘ಪುರ್’ ಇರುತ್ತಿತ್ತು, ಜೊತೆಗೆ ‘ಅತಿ’ ಎನ್ನುವ ‘ತ್ರೋ’ ಕೂಡ. ಕೊನೆಯಲ್ಲಿ ಮಗ ಮನೆಯನ್ನು ಮಾರಲು ಒಪ್ಪದಿರುವುದು ಈ ಸಾಲಿನಿಂದ. ನಿಮ್ಮ ಅನುವಾದದಲ್ಲಿ ಅವನು ಲೆಕ್ಕಾಚಾರದ ಮನುಷ್ಯನಾಗಿಬಿಟ್ಟಿದ್ದಾನೆ.

ಇಷ್ಟನ್ನೂ ತಿದ್ದಿ ಮತ್ತೆ ಕಳುಹಿಸಿ, ಖಂಡಿತ ಓದುತ್ತೇನೆ. ತಿದ್ದುವಾಗ “ಶುಭ್ರ ಕೈಗಳಿಂದ ಕಟ್ಟಿದ ಗೋಡೆ”ಯನ್ನೂ ನೋಡಿ. ಅಲ್ಲಿ ‘ಪ್ರೋಪ್ರ್’ ಕೈಗಳಿಗಿಂತ ಮೊದಲು ಬಂದಿದೆ. ಅಪ್ಪ ಆ ಗೋಡೆಯನ್ನು ಸ್ವಂತ ಕೈಗಳಿಂದ ಕಟ್ಟಿದ್ದಾರೆ.