ರಾತ್ರಿಯಿಡೀ ಹೊರಗಿದ್ದ ಅಡಾಲಿಮುಮಾಬ್ ಪೆನ್: ಡಬ್ಬಿಯ ಮೇಲಿನ ಎರಡು ಗಡುವುಗಳು

ಪ್ರಶ್ನೆ: ಅಮ್ಮನಿಗೆ ಸಂಧಿವಾತ, ಎರಡು ವಾರಕ್ಕೊಮ್ಮೆ ಅಡಾಲಿಮುಮಾಬ್ 40 ಮಿ.ಗ್ರಾಂ ಪೆನ್. ಮಾರ್ಚ್ 4ರ ರಾತ್ರಿ 10ಕ್ಕೆ ಎರಡು ಪೆನ್ನಿನ ಹೊಸ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದವರು ಮೇಜಿನ ಮೇಲೇ ಮರೆತುಬಿಟ್ಟೆವು. ಬೆಳಗ್ಗೆ 7ಕ್ಕೆ ನೋಡಿ ವಾಪಸ್ ಇಟ್ಟೆ. ಕೋಣೆಯ ಥರ್ಮಾಮೀಟರ್ 24 ಡಿಗ್ರಿ ತೋರಿಸುತ್ತಿತ್ತು. ಡಬ್ಬಿಯ ಮೇಲೆ 2ರಿಂದ 8 ಡಿಗ್ರಿ ಅಂತಿದೆ, ಒಳಗಿನ ಚೀಟಿಯಲ್ಲಿ 25 ಡಿಗ್ರಿವರೆಗೆ 14 ದಿನ ಅಂತಿದೆ. ಎಕ್ಸ್‌ಪೈರಿಗೆ ಇನ್ನೂ ಹತ್ತು ತಿಂಗಳಿದೆ. ಮುಂದಿನ ಡೋಸ್ ಮಾರ್ಚ್ 10ಕ್ಕೆ, ಆಮೇಲಿನದು 24ಕ್ಕೆ. ಎರಡನ್ನೂ ಬಳಸಬಹುದಾ?

ಉತ್ತರ:

ಮಾರ್ಚ್ 10ರ ಪೆನ್ ಬಳಸಬಹುದು. 24ರದ್ದನ್ನು, ನಿಮ್ಮ ಚೀಟಿಯಲ್ಲಿರುವ ಮಾತಿನ ಪ್ರಕಾರ, ಬಳಸುವಂತಿಲ್ಲ. ಅದು ಫ್ರಿಜ್‌ನಲ್ಲಿ ತಣ್ಣಗೆ ಕೂತಿದ್ದರೂ ಅಷ್ಟೇ. ವಾಪಸ್ ಇಟ್ಟರೆ ಎಲ್ಲ ಸರಿಹೋಯಿತು ಎಂದು ತುಂಬಾ ಜನ ತಿಳಿಯುತ್ತಾರೆ. ಎಡವುವುದು ಅಲ್ಲೇ.

ಡಬ್ಬಿಯ ಮೇಲೆ ಅಚ್ಚಾಗಿರುವ ಎಕ್ಸ್‌ಪೈರಿಗೆ ಒಂದು ಷರತ್ತಿದೆ: ಪೆನ್ ಮೊದಲ ದಿನದಿಂದ ಕೊನೆಯ ದಿನದವರೆಗೂ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಅದಕ್ಕೇ ಡಬ್ಬಿಯಲ್ಲಿ ತಿಂಗಳು-ವರ್ಷದ ಜೊತೆಗೆ ಉಷ್ಣತೆಯ ಸಾಲನ್ನೂ ಹಾಕಿರುತ್ತಾರೆ. ಅವೆರಡನ್ನು ಒಟ್ಟಿಗೇ ಓದಬೇಕು. ಹೊರಗೆ ಇಡಲು ತೆಗೆದ ಕ್ಷಣದಿಂದ ಇನ್ನೊಂದು ಗಡುವು ಶುರುವಾಗುತ್ತದೆ, ನಿಮ್ಮ ಪೆನ್ನಿಗೆ ಅದು 14 ದಿನ. ಈ ಎರಡನೆಯ ಗಡುವು ಎಲ್ಲೂ ಅಚ್ಚಾಗಿರುವುದಿಲ್ಲ. ಯಾವತ್ತು ತೆಗೆಯುತ್ತೀರಿ ಅಂತ ಕಂಪನಿಗೆ ಗೊತ್ತಿಲ್ಲವಲ್ಲ, ಅದನ್ನು ನೀವೇ ಬರೆಯಬೇಕು. ಒಮ್ಮೆ ಶುರುವಾದರೆ ಫ್ರಿಜ್‌ಗೆ ಇಟ್ಟರೂ ಅದು ನಿಲ್ಲುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಅಡಾಲಿಮುಮಾಬ್‌ನ ಮೂಲ ಬ್ರ್ಯಾಂಡ್‌ನ ಯುರೋಪಿನ ಮಾಹಿತಿ ಚೀಟಿಯಲ್ಲಿ ಇದನ್ನು ಬಿಡಿಸಿಯೇ ಹೇಳಿದ್ದಾರೆ: ಹೊರಗೆ ಇಡಲು ತೆಗೆದ ಪೆನ್ನನ್ನು 14 ದಿನದೊಳಗೆ ಬಳಸಬೇಕು ಇಲ್ಲವೇ ಎಸೆಯಬೇಕು, ಮತ್ತೆ ಫ್ರಿಜ್‌ಗೆ ಇಟ್ಟಿದ್ದರೂ ಸಹ.

ಈಗ ನಿಮ್ಮ ಲೆಕ್ಕ ಹಾಕೋಣ. ಡಬ್ಬಿ ಹೊರಬಂದದ್ದು ಮಾರ್ಚ್ 4. ಅದಕ್ಕೆ 14 ಸೇರಿಸಿದರೆ ಮಾರ್ಚ್ 18. ಎರಡೂ ಪೆನ್ ಒಂದೇ ಡಬ್ಬಿಯಲ್ಲಿದ್ದವು, ಹಾಗಾಗಿ ಎರಡಕ್ಕೂ ಅದೇ ಕೊನೆಯ ದಿನ. 10ನೇ ತಾರೀಖು ಒಳಗೆ ಬರುತ್ತದೆ, 24 ಆರು ದಿನ ಆಚೆ ಬೀಳುತ್ತದೆ. ಎರಡು ವಾರಕ್ಕೊಮ್ಮೆ ಡೋಸ್, ಎರಡು ವಾರದ್ದೇ ಗಡುವು, ಡಬ್ಬಿಯಲ್ಲಿ ಎರಡು ಪೆನ್. ಈ ಮೂರೂ ಕೂಡಿದಾಗ ಇಡೀ ಡಬ್ಬಿ ಹೊರಗೆ ಉಳಿದರೆ ಎರಡನೆಯ ಪೆನ್ ತಪ್ಪಿಹೋಗುವುದು ಹೆಚ್ಚುಕಡಿಮೆ ಖಚಿತ. ಅದನ್ನು ಉಳಿಸಲೆಂದು 18ರೊಳಗೇ ಹಾಕಿಬಿಡುವ ಯೋಚನೆ ಬೇಡ. ಡೋಸ್‌ನ ಅಂತರ ಬದಲಿಸುವುದು ವೈದ್ಯರಿಗೆ ಬಿಟ್ಟ ವಿಷಯ.

ಎಸೆಯುವ ಮುಂಚೆ ಒಂದು ಕೆಲಸ ಮಾಡಿ. ಡಬ್ಬಿಯಲ್ಲೋ ಚೀಟಿಯಲ್ಲೋ ಇರುವ ಕಂಪನಿಯ ನಂಬರಿಗೆ ಫೋನ್ ಮಾಡಿ ವೈದ್ಯಕೀಯ ಮಾಹಿತಿ ವಿಭಾಗವನ್ನು ಕೇಳಿ. ಚೀಟಿಯಲ್ಲಿ ಅಚ್ಚಾಗದ ಸ್ಥಿರತೆ ಪರೀಕ್ಷೆಯ ವಿವರ ಅವರ ಬಳಿ ಇರಬಹುದು. ಕೇಳುವಾಗ ಮೂರು ವಿಷಯ ಕೈಯಲ್ಲಿರಲಿ: ಲಾಟ್ ನಂಬರ್, ಎಷ್ಟು ಗಂಟೆ ಹೊರಗಿತ್ತು, ಆ ಹೊತ್ತಿನಲ್ಲಿ ಕೋಣೆ ಅತಿ ಹೆಚ್ಚೆಂದರೆ ಎಷ್ಟು ಬಿಸಿಯಿತ್ತು. ನಿಮ್ಮ ಉತ್ತರ ಹೀಗಿರಲಿ: 9 ಗಂಟೆ, 24 ಡಿಗ್ರಿ, ಡಬ್ಬಿ ಮುಚ್ಚಿತ್ತು, ಬಿಸಿಲು ಬಿದ್ದಿಲ್ಲ. ಅವರು ಬಳಸಬಹುದು ಎಂದರೆ ಆ ಮಾತನ್ನು ಇಮೇಲ್‌ನಲ್ಲಿ ತರಿಸಿಕೊಂಡು ವೈದ್ಯರಿಗೋ ಔಷಧ ಕೊಟ್ಟವರಿಗೋ ತೋರಿಸಿ. ಅಂಥ ಉತ್ತರ ಬರದಿದ್ದರೆ 18ಕ್ಕೇ ನಿಲ್ಲಿಸಿ. 24ಕ್ಕೆ ಹೊಸ ಪೆನ್ ಬೇಕಾಗುತ್ತದೆ ಅಂತ ಇವತ್ತೇ ಹೇಳಿಡಿ, ಕೊನೇ ಗಳಿಗೆಯಲ್ಲಿ ಸಿಗುವ ಔಷಧವಲ್ಲ ಇದು.

24 ಡಿಗ್ರಿ ಅಂತ ನೀವು ಅಳೆದು ನೋಡಿದ್ದು ತುಂಬಾ ಒಳ್ಳೆಯದಾಯಿತು. ‘ಕೋಣೆಯ ಉಷ್ಣತೆ’ ಎಂದರೆ ನಮ್ಮ ಕೋಣೆ ಎಷ್ಟಿದೆಯೋ ಅಷ್ಟು ಅಂತಲ್ಲ, ಚೀಟಿಯಲ್ಲಿ ಬರೆದ ಅಂಕಿ. ಕೋಣೆ 31 ಡಿಗ್ರಿ ಇದ್ದಿದ್ದರೆ ಆ 14 ದಿನದ ವಿನಾಯಿತಿ ನಿಮಗೆ ಅನ್ವಯಿಸುತ್ತಲೇ ಇರಲಿಲ್ಲ, ಮೊದಲ ಪೆನ್ನಿಗೂ ಕಂಪನಿಯನ್ನೇ ಕೇಳಬೇಕಾಗಿತ್ತು.

ಮತ್ತೆ ಈ ಅಂಕಿಗಳನ್ನು ಒಂದು ಔಷಧದಿಂದ ಇನ್ನೊಂದಕ್ಕೆ ಒಯ್ಯಬೇಡಿ. ಗೊಲಿಮುಮಾಬ್‌ಗೆ 25 ಡಿಗ್ರಿಯಲ್ಲಿ 30 ದಿನ ಕೊಡುತ್ತಾರೆ. ಸಾರಿಲುಮಾಬ್‌ಗೆ 14 ದಿನ. ಎಟಾನರ್ಸೆಪ್ಟ್‌ನ ಒಂದೇ ಬ್ರ್ಯಾಂಡ್‌ಗೆ ಅಮೆರಿಕದ ಚೀಟಿಯಲ್ಲಿ 14 ದಿನ, ಯುರೋಪಿನ ಚೀಟಿಯಲ್ಲಿ 4 ವಾರ. ಮೂಲ ಬ್ರ್ಯಾಂಡ್‌ಗೆ ತೀರಾ ಹೋಲುವಂತೆ ಬೇರೆ ಕಂಪನಿಗಳು ಮಾಡುವ ಅಡಾಲಿಮುಮಾಬ್‌ನ ಬಯೋಸಿಮಿಲರ್‌ಗಳಲ್ಲೂ ದಿನಗಳ ಸಂಖ್ಯೆ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆ. ಹಾಗಾಗಿ ಬ್ರ್ಯಾಂಡ್ ಬದಲಾದ ದಿನ ಹಳೆಯ ಲೆಕ್ಕ ಮರೆತು, ಕೈಯಲ್ಲಿರುವ ಡಬ್ಬಿಯೊಳಗಿನ ಚೀಟಿಯಲ್ಲಿ ಶೇಖರಣೆಯ ಭಾಗವನ್ನು ಹೊಸದಾಗಿ ಓದಿ. ಪ್ರಮಾಣದ ಸಾಲನ್ನೂ ಆಗಲೇ ನೋಡಿಕೊಳ್ಳಿ. 40 ಮಿ.ಗ್ರಾಂ ಎಂಬುದು 0.4 ಮಿ.ಲೀ.ನಲ್ಲೂ ಬರುತ್ತದೆ, 0.8 ಮಿ.ಲೀ.ನಲ್ಲೂ ಬರುತ್ತದೆ. ಔಷಧದ ಡೋಸ್ ಒಂದೇ, ದ್ರವ ಮಾತ್ರ ಎರಡು ಪಟ್ಟು. ಅಭ್ಯಾಸಕ್ಕಿಂತ ಹೆಚ್ಚು ಹೊತ್ತು ಚುಚ್ಚಿ ಹಿಡಿಯಬೇಕಾಗಿ ಬಂದರೆ ಪೆನ್ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ.

ಬರೆಯುವ ರೀತಿ ಹೇಳುತ್ತೇನೆ. ಕೆಲವು ಡಬ್ಬಿಗಳ ಪಕ್ಕದಲ್ಲಿ ಫ್ರಿಜ್‌ನಿಂದ ತೆಗೆದ ದಿನಕ್ಕೋ ಹೊಸ ಕೊನೆಯ ದಿನಕ್ಕೋ ಜಾಗವೇ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಅಚ್ಚಿಲ್ಲದ ಖಾಲಿ ಬದಿಯಲ್ಲಿ ಬಾಲ್‌ಪೆನ್ನಿನಿಂದ ಎರಡು ಸಾಲು ಬರೆಯಿರಿ: ‘ತೆಗೆದದ್ದು ಮಾರ್ಚ್ 4, ರಾತ್ರಿ 10. ಮಾರ್ಚ್ 18ರ ನಂತರ ಬೇಡ.’ ಬರೀ ತೆಗೆದ ದಿನ ಬರೆದರೆ ಸಾಲದು, ಎರಡು ವಾರ ಕಳೆದು ಡಬ್ಬಿ ಹಿಡಿದವರು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಲಾಟ್, ಎಕ್ಸ್‌ಪೈರಿ ಮತ್ತು ಚೌಕ ಕೋಡ್ ಇರುವ ಜಾಗವನ್ನು ಮುಚ್ಚಬೇಡಿ. ಪೆನ್ನಿನ ಮೈಮೇಲೆ ಚೀಟಿ ಅಂಟಿಸಿದರೆ ದ್ರವ ನೋಡುವ ಕಿಟಕಿ ಮರೆಯಾಗುತ್ತದೆ, ಅದಕ್ಕೇ ಡಬ್ಬಿಯ ಮೇಲೆ ಬರೆಯುವುದೇ ವಾಸಿ.

ಇಲ್ಲೊಂದು ಸಣ್ಣ ಗಂಟಿದೆ. ನೀವು ಬರೆದ ದಿನ ಅಚ್ಚಾದ ಎಕ್ಸ್‌ಪೈರಿಯನ್ನು ದಾಟುವಂತಿಲ್ಲ. ಡಬ್ಬಿಯ ಮೇಲೆ ಜೂನ್ ಅಂತ ಬರೀ ತಿಂಗಳಿದ್ದರೆ ಅದರ ಅರ್ಥ ಜೂನ್ 30. ಜೂನ್ 20ಕ್ಕೆ ಹೊರತೆಗೆದರೆ 14 ದಿನ ಜುಲೈ 4ರವರೆಗೆ ಹೋಗುತ್ತದೆ, ಆದರೂ ಜೂನ್ 30ಕ್ಕೇ ಮುಗಿಯಿತು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ.

ಬಿಸಿಗಾದರೆ ಹೀಗೆ ಕೆಲವು ದಿನದ ಸಲುಗೆ ಉಂಟು. ಹೆಪ್ಪುಗಟ್ಟುವುದಕ್ಕೆ ಒಂದು ನಿಮಿಷದ್ದೂ ಇಲ್ಲ. ಡಬ್ಬಿಯ ಮೇಲೆ ‘ಫ್ರೀಜ್ ಮಾಡಬೇಡಿ’ ಎಂದು ಬೇರೆಯಾಗಿ ಬರೆಯುವುದು ಅದಕ್ಕೇ. ಅಡಾಲಿಮುಮಾಬ್ ಎಂದರೆ 1330 ಅಮೈನೋ ಆಮ್ಲಗಳು ಮಡಚಿಕೊಂಡು ಆದ ದೊಡ್ಡ ಪ್ರೋಟೀನ್. ನೀರು ಮಂಜಾಗುವಾಗ ಮಂಜಿನ ಹರಳುಗಳ ಅಂಚಿನಲ್ಲಿ ಈ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದವು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಕರಗಿದ ಮೇಲೆ ದ್ರವ ಮೊದಲಿನಂತೆ ತಿಳಿಯಾಗಿ ಕಾಣಬಹುದು, ಗುಂಪುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವಿರುತ್ತವೆ. ಅಂಥ ಗುಂಪುಗಳು ದೇಹದಲ್ಲಿ ಔಷಧದ ವಿರುದ್ಧವೇ ಪ್ರತಿಕಾಯ ಹುಟ್ಟಿಸುವ ಅಪಾಯ ಇದೆ, ಆಗ ಮುಂದಿನ ಒಳ್ಳೆಯ ಪೆನ್ನೂ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ಒಮ್ಮೆ ಹೆಪ್ಪುಗಟ್ಟಿದ ಪೆನ್ ಕರಗಿದರೂ ಬೇಡ. ಪೆನ್ನನ್ನು ಜೋರಾಗಿ ಅಲುಗಿಸಬೇಡಿ ಎನ್ನುವುದೂ ಪ್ರೋಟೀನ್ ಹೀಗೆ ಗುಂಪುಗಟ್ಟದಿರಲಿ ಎಂದೇ, ಅಲ್ಲಿ ಮಂಜಿನ ಬದಲು ಗಾಳಿಗುಳ್ಳೆಯ ಅಂಚು ಆ ಕೆಲಸ ಮಾಡುತ್ತದೆ.

ಮನೆಯಲ್ಲಿ ಹೆಪ್ಪುಗಟ್ಟುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಫ್ರಿಜ್‌ನ ಹಿಂದಿನ ಗೋಡೆ: ಡಬ್ಬಿ ಅದಕ್ಕೆ ತಾಗಿಕೊಂಡಿದ್ದರೆ ಡಯಲ್ 4 ಡಿಗ್ರಿ ತೋರಿಸುತ್ತಿದ್ದರೂ ಆ ಜಾಗ ಸೊನ್ನೆಗಿಂತ ಕೆಳಗೆ ಹೋಗಬಹುದು. ಇನ್ನೊಂದು, ಪ್ರಯಾಣದ ಕೂಲ್ ಬ್ಯಾಗ್. ಫ್ರೀಜರ್‌ನಿಂದ ಆಗತಾನೇ ತೆಗೆದ ಐಸ್ ಪ್ಯಾಕ್ ಡಬ್ಬಿಗೆ ನೇರವಾಗಿ ಅಂಟಿಕೊಂಡಿದ್ದರೆ ಪೆನ್ ಹೆಪ್ಪುಗಟ್ಟಬಹುದು, ನಡುವೆ ದಪ್ಪ ಬಟ್ಟೆ ಇರಲೇಬೇಕು. ಫ್ರಿಜ್‌ನಲ್ಲಿ ಮಧ್ಯದ ಅರೆ ಒಳ್ಳೆಯದು, ಗೋಡೆಯಿಂದ ನಾಲ್ಕು ಬೆರಳು ಈಚೆಗೆ. ಬಾಗಿಲಿನ ಅರೆ ಬೇಡ, ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಡಬ್ಬಿಯ ಪಕ್ಕದಲ್ಲೇ ಕನಿಷ್ಠ-ಗರಿಷ್ಠ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಒಂದನ್ನು ಇಟ್ಟರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ.

10ನೇ ತಾರೀಖು ಇನ್ನೊಂದು ಪೆನ್ನನ್ನು ಡಬ್ಬಿಯೊಳಗೇ ಬಿಟ್ಟು ಒಂದನ್ನು ಮಾತ್ರ ತೆಗೆಯಿರಿ. ಡಬ್ಬಿ ಬೆಳಕಿನಿಂದಲೂ ಕಾಪಾಡುತ್ತದೆ. ಚುಚ್ಚುವ ಮುಂಚೆ ಎಷ್ಟು ಹೊತ್ತು ಹೊರಗಿಡಬೇಕು ಅನ್ನುವುದೂ ಚೀಟಿಯಲ್ಲಿರುತ್ತದೆ. ಅಡಾಲಿಮುಮಾಬ್‌ನ ಮೂಲ ಬ್ರ್ಯಾಂಡ್‌ಗೆ 15ರಿಂದ 30 ನಿಮಿಷ, ಸಾರಿಲುಮಾಬ್ ಪೆನ್ನಿಗೆ 60. ತಣ್ಣಗಿದ್ದರೆ ಚುಚ್ಚಿದ ಜಾಗ ಹೆಚ್ಚು ಉರಿಯುತ್ತದೆ. ಬಿಸಿನೀರು, ಬಿಸಿಲು, ಮೈಕ್ರೋವೇವ್ ಯಾವುದೂ ಬೇಡ, ಮುಚ್ಚಳವನ್ನು ಚುಚ್ಚುವ ಹೊತ್ತಿಗೇ ತೆಗೆಯಿರಿ.

ಕಿಟಕಿಯಲ್ಲಿ ನೋಡುವಾಗ ಗಾಳಿಗುಳ್ಳೆ ಕಂಡರೆ ಚಿಂತೆಯಿಲ್ಲ. ನಿಮ್ಮ ಪೆನ್ನಿನಲ್ಲಿ ದ್ರವ ಮಸುಕಾಗಿದ್ದರೆ, ಬಣ್ಣ ಬದಲಾಗಿದ್ದರೆ, ಚೂರು ತೇಲುತ್ತಿದ್ದರೆ ಬಳಸಬೇಡಿ. ಎಟಾನರ್ಸೆಪ್ಟ್‌ನಲ್ಲಾದರೆ ಸಣ್ಣ ಬಿಳಿ ಕಣಗಳು ಸಹಜ ಎಂದು ಅದರ ಚೀಟಿಯೇ ಹೇಳುತ್ತದೆ, ಆದ್ದರಿಂದ ಬೇರೆಯವರ ಪೆನ್ ಜೊತೆ ಹೋಲಿಸಬೇಡಿ. ಇನ್ನು, ದ್ರವ ತಿಳಿಯಾಗಿದೆ ಎನ್ನುವ ಧೈರ್ಯದ ಮೇಲೆ 24ನೇ ತಾರೀಖು ಆ ಎರಡನೆಯ ಪೆನ್ ಚುಚ್ಚಬೇಡಿ. ಎಸೆಯುವಾಗ ಅದರೊಳಗೆ ಸೂಜಿ ಇದ್ದೇ ಇದೆ, ಬಳಸಿದ ಪೆನ್ ಹಾಕುವ ಗಟ್ಟಿ ಡಬ್ಬದಲ್ಲೇ ಮುಚ್ಚಳ ಸಮೇತ ಹಾಕಿ. ಲಾಟ್ ನಂಬರ್ ಇರುವ ಬದಿಯ ಒಂದು ಫೋಟೋ ಮಾತ್ರ ಇಟ್ಟುಕೊಂಡಿರಿ, ಬದಲಿ ಪೆನ್ ಕೇಳುವಾಗ ಅದನ್ನೇ ಕೇಳುತ್ತಾರೆ.