ನಾಲ್ಕು ಲಕ್ಷದ ವ್ಯಾಪಾರ, ಕೈಯಲ್ಲಿ ಸೊನ್ನೆ

ಮಂಡ್ಯದಲ್ಲಿ ಬೆಲ್ಲದ ಪುಡಿ ಪ್ಯಾಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಇದೇ ನನ್ನ ಮೊದಲ ವ್ಯಾಪಾರ. ಒಂದು ಕೆಜಿಗೆ 210 ರೂಪಾಯಿ. ಕಳೆದ ತಿಂಗಳು 2,000 ಪ್ಯಾಕೆಟ್ ಹೋಯಿತು, 4,20,000 ಬಂತು. ಆದರೂ ಏನೂ ಉಳಿದಿಲ್ಲ. ಹಬ್ಬಕ್ಕೆ ಶೇ 10 ರಿಯಾಯಿತಿ ಕೊಟ್ಟು ವ್ಯಾಪಾರ ಹೆಚ್ಚಿಸಿದರೆ ಸರಿಹೋಗುತ್ತದೆಯೇ? ಖರ್ಚಿನ ಪಟ್ಟಿ ಜೊತೆಗಿದೆ.
– ಓದುಗರು, ಮಂಡ್ಯ

ಸಂಪಾದಕರ ಉತ್ತರ:

ರಿಯಾಯಿತಿ ಸದ್ಯಕ್ಕೆ ಬೇಡ. ಪತ್ರಿಕೆಗೆ ಬರುವ ಮೊದಲು ಲೆಕ್ಕ ಬರೆದೇ ಹೊಟ್ಟೆ ಹೊರೆದವನು ನಾನು. ನಿಮ್ಮ ಪಟ್ಟಿ ನೋಡಿದ ಮೇಲೇ ಹೇಳುತ್ತಿದ್ದೇನೆ.

ಮೊದಲು ಆ 4,20,000ದಲ್ಲಿ 20,000 ನಿಮ್ಮದಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. ಗಿರಾಕಿಯಿಂದ ತೆಗೆದುಕೊಂಡು ಸರ್ಕಾರಕ್ಕೆ ಕಟ್ಟುವ ದುಡ್ಡು ಅದು. ಹಾಗಾಗಿ ನಿಮ್ಮ ಆದಾಯ ಪ್ಯಾಕೆಟ್‌ಗೆ 200 ರೂಪಾಯಿ, ಅಷ್ಟೇ.

ಈಗ ಒಂದೇ ಒಂದು ಪ್ಯಾಕೆಟ್ ಕೈಗೆತ್ತಿಕೊಳ್ಳಿ. ಆಲೆಮನೆಯವರಿಗೆ ಪುಡಿಗೆ 75, ಕವರ್ ಮತ್ತು ರಟ್ಟಿನ ಡಬ್ಬಿಗೆ 15, ಕೊರಿಯರ್‌ಗೆ 55. ಮಾರುವ ಜಾಲತಾಣದ ಕಮಿಷನ್ ಶೇ 15, ಅಂದರೆ 30. ಒಟ್ಟು 175 ಹೋಯಿತು, ಉಳಿದದ್ದು 25. ಎರಡು ಸಾವಿರ ಪ್ಯಾಕೆಟ್‌ಗೆ 50,000 ಆಯಿತಲ್ವಾ? ಅದರಲ್ಲಿ ಶೆಡ್ ಬಾಡಿಗೆ, ಪ್ಯಾಕ್ ಮಾಡುವ ಇಬ್ಬರ ಸಂಬಳ, ಕರೆಂಟು ಸೇರಿ 45,000. ಮಿಕ್ಕಿದ್ದು 5,000.

ಆ 5,000ವನ್ನು ತಿಂದದ್ದು ವಾಪಸ್ ಬಂದ ಮಾಲು. ಮಳೆಗಾಲದಲ್ಲಿ ಪುಡಿ ತೇವ ಎಳೆದು ಗಟ್ಟಿಯಾಗಿದೆ, ಈ 2,000 ಅಲ್ಲದೆ ಇನ್ನೂ 25 ಪ್ಯಾಕೆಟ್ ಹಿಂದಕ್ಕೆ ಬಂದಿವೆ. ಹೀಗೆ ಬಂದ ಒಂದೊಂದಕ್ಕೂ ಪುಡಿ, ಕವರ್ ಹಾಳು, ಕೊರಿಯರ್ ಎರಡು ಸಲ. ತಲಾ 200 ನಷ್ಟ. ಒಂದು ವಾಪಸ್ ಬಂದರೆ ಚೆನ್ನಾಗಿ ಮಾರಿದ ಎಂಟು ಪ್ಯಾಕೆಟ್‌ನ ದುಡಿಮೆ ನೀರುಪಾಲು. ಅಂದ ಹಾಗೆ, ನಿಮ್ಮ ಪಟ್ಟಿಯಲ್ಲಿ ನಿಮ್ಮ ಸಂಬಳವೇ ಇಲ್ಲ. ತಿಂಗಳಿಡೀ ಬಿಟ್ಟಿ ದುಡಿದಿದ್ದೀರಿ. ಅದನ್ನೂ ಬರೆದರೆ ಲೆಕ್ಕ ಸೊನ್ನೆಗೆ ನಿಲ್ಲುವುದಿಲ್ಲ, ನಷ್ಟವೇ.

ಇನ್ನು ರಿಯಾಯಿತಿ. ಶೇ 10 ಬಿಟ್ಟರೆ 200 ಇದ್ದದ್ದು 180 ಆಗುತ್ತದೆ. ಕಮಿಷನ್ 27ಕ್ಕೆ ಇಳಿಯುತ್ತದೆ, ಬೇರೆ ಯಾವ ಖರ್ಚೂ ಇಳಿಯುವುದಿಲ್ಲ. ಪ್ಯಾಕೆಟ್‌ಗೆ ಉಳಿಯುವುದು 8 ರೂಪಾಯಿ. ಈಗಿನ 50,000 ಮತ್ತೆ ಕಾಣಬೇಕಾದರೆ 6,250 ಪ್ಯಾಕೆಟ್ ಮಾರಬೇಕು. ಜಿಎಸ್‌ಟಿ ಬಿಟ್ಟೇ 11,25,000 ವ್ಯಾಪಾರ! ಊರೆಲ್ಲ ಹೊಗಳಬಹುದು, ನಿಮ್ಮ ಜೇಬಿಗೆ ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. ಅಷ್ಟು ಪ್ಯಾಕ್ ಮಾಡಲು ಇಬ್ಬರು ಸಾಲುವುದೂ ಇಲ್ಲ.

ನಾನಾದರೆ ಎರಡು ಕೆಜಿ ಪ್ಯಾಕೆಟ್ ಮಾಡಿ ನೋಡುತ್ತೇನೆ. ತೂಕ ಎರಡರಷ್ಟಾದರೂ ಕೊರಿಯರ್ ಸಾಮಾನ್ಯವಾಗಿ ಎರಡರಷ್ಟಾಗುವುದಿಲ್ಲ. ಅವರು 80ಕ್ಕೆ ಒಪ್ಪಿ, ಕವರ್ ಡಬ್ಬಿ 20ರಲ್ಲಿ ಮುಗಿದರೆ, 400 ರೂಪಾಯಿಯ ಮಾಲಿಗೆ 90 ಉಳಿಯುತ್ತದೆ. ಅದೇ ಎರಡು ಕೆಜಿಯನ್ನು ಬಿಡಿಬಿಡಿಯಾಗಿ ಕಳಿಸಿ ನೀವು ಈಗ ಕಾಣುತ್ತಿರುವುದು 50. ಕೊರಿಯರ್‌ನವರಿಗೆ ಮೊದಲು ಫೋನ್ ಮಾಡಿ, ದರ ಬರೆದುಕೊಳ್ಳಿ. ತೇವ ತಡೆಯುವ ಕವರ್‌ಗೆ ಒಂದೆರಡು ರೂಪಾಯಿ ಜಾಸ್ತಿಯಾದರೂ ಹಾಕಿ.