ಪಾರ್ಟ್‌ಟೈಮ್ ಇಂಟರ್‌ವ್ಯೂಗೆ ಮೊದಲು ನಿಮ್ಮ ವಾರದ ಲೆಕ್ಕ ಬರೆದುಕೊಳ್ಳಿ

ಪ್ರಶ್ನೆ: ಡಿಗ್ರಿ ಎರಡನೇ ವರ್ಷ ಓದ್ತಿದ್ದೀನಿ. ಒಂದು ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಇದುವರೆಗೆ ಎಲ್ಲೂ ಕೆಲಸ ಮಾಡಿಲ್ಲ. ಅನುಭವ ಕೇಳಿದರೆ ಏನು ಹೇಳಲಿ?

ಕೆಲವು ವರ್ಷ ನಾನು ಒಂದು ಅಂಗಡಿಯ ಮ್ಯಾನೇಜರ್ ಆಗಿದ್ದೆ. ಪಾರ್ಟ್‌ಟೈಮ್ ಹುಡುಗ ಹುಡುಗಿಯರನ್ನು ನಾನೇ ಇಂಟರ್‌ವ್ಯೂ ಮಾಡುತ್ತಿದ್ದೆ. ಆ ಕಡೆಯ ಕುರ್ಚಿಯಲ್ಲಿ ಕೂತವರ ತಲೆಯಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ.

ಮ್ಯಾನೇಜರ್ ಹತ್ತಿರ ಒಂದು ಡ್ಯೂಟಿ ಚಾರ್ಟ್ ಇರುತ್ತದೆ. ಅದರಲ್ಲಿ ಕೆಲವು ಖಾಲಿ ಜಾಗ. ಸಾಮಾನ್ಯವಾಗಿ ಸಂಜೆ, ಶನಿವಾರ, ಭಾನುವಾರ, ಹಬ್ಬದ ಹಿಂದಿನ ದಿನಗಳು. ಆ ಜಾಗ ತುಂಬುವವರು ಬೇಕು, ಬರುತ್ತೇನೆ ಅಂದ ದಿನ ಬರುವವರು ಬೇಕು. ಬಿಲ್ ಹಾಕುವುದು, ಸಾಮಾನು ಜೋಡಿಸುವುದನ್ನೆಲ್ಲ ಕೆಲವೇ ದಿನದಲ್ಲಿ ಕಲಿಸಬಹುದು. ಹಾಗಾಗಿ ಅನುಭವದ ಪ್ರಶ್ನೆಗಿಂತ ಜಾಸ್ತಿ ತೂಕ ಇರುವುದು 'ಯಾವಾಗ ಬರಬಲ್ಲಿರಿ?' ಅನ್ನುವ ಪ್ರಶ್ನೆಗೆ. ಹೆಚ್ಚಿನವರು ಇದಕ್ಕೆ ತಯಾರಾಗಿಯೇ ಬರುವುದಿಲ್ಲ. 'ಯಾವಾಗ ಬೇಕಾದ್ರೂ ಬರ್ತೀನಿ ಸರ್' ಅಂದುಬಿಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಕಾಲೇಜಿಗೆ ಹೋಗುವವರು ಯಾವಾಗ ಬೇಕಾದರೂ ಬರಲು ಆಗುವುದಿಲ್ಲ ಅಂತ ಮ್ಯಾನೇಜರ್‌ಗೂ ಗೊತ್ತು.

ಮನೆಯಲ್ಲೇ ಕೂತು ಲೆಕ್ಕ ಹಾಕಿ. ಒಂದು ಉದಾಹರಣೆ ನೋಡೋಣ. ಒಬ್ಬಳು ವಿದ್ಯಾರ್ಥಿನಿಗೆ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ 2 ಗಂಟೆಗೆ ಕ್ಲಾಸ್ ಮುಗಿಯುತ್ತದೆ. ಬುಧವಾರ ಮತ್ತು ಶುಕ್ರವಾರ ಲ್ಯಾಬ್, ಅವತ್ತು ಸಂಜೆ 5 ಆಗುತ್ತದೆ. ಕಾಲೇಜಿನಿಂದ ಅಂಗಡಿಗೆ 45 ನಿಮಿಷದ ದಾರಿ. 2 ಗಂಟೆಗೆ ಬಿಟ್ಟರೆ 3 ಗಂಟೆಗೆ ಕೆಲಸದಲ್ಲಿರಬಹುದು ಅನಿಸುತ್ತದೆ. ಆದರೆ ಊಟ ಆಗಬೇಕು, ಕ್ಲಾಸ್ ಒಮ್ಮೊಮ್ಮೆ ತಡವಾಗಿ ಬಿಡುತ್ತದೆ. ಆದ್ದರಿಂದ 4 ಗಂಟೆ ಅಂತಲೇ ಹೇಳುವುದು ಒಳ್ಳೆಯದು. ಸೋಮವಾರ, ಮಂಗಳವಾರ, ಗುರುವಾರ ಸಂಜೆ 4ರಿಂದ 9, ಶನಿವಾರ ಬೆಳಿಗ್ಗೆ 10ರಿಂದ ಸಂಜೆ 6. ಎಲ್ಲ ಕೂಡಿದರೆ ವಾರಕ್ಕೆ 23 ಗಂಟೆ. ಅಷ್ಟೂ ಮಾಡಿದರೆ ಓದುವುದು ಯಾವಾಗ? ಹಾಗಾಗಿ ಅವಳು ಹೇಳಬೇಕಾದ ಮಾತು ಇದು: 'ಶನಿವಾರ ಖಂಡಿತ ಬರ್ತೀನಿ. ಉಳಿದ ಮೂರು ಸಂಜೆಗಳಲ್ಲಿ ನಿಮಗೆ ಬೇಕಾದ ಎರಡು ದಿನ ಬರ್ತೀನಿ. ವಾರಕ್ಕೆ 18 ಗಂಟೆ ಆಗುತ್ತೆ. ಬುಧವಾರ, ಶುಕ್ರವಾರ ಲ್ಯಾಬ್ ಇದೆ, ಆಗಲ್ಲ.'

ಇಷ್ಟು ಹೇಳಿದರೆ ಮ್ಯಾನೇಜರ್ ಮನಸ್ಸಿನಲ್ಲೇ ಚಾರ್ಟ್ ತುಂಬಲು ಶುರು ಮಾಡುತ್ತಾರೆ. ಎರಡು ದಿನದ ಆಯ್ಕೆ ಅವರಿಗೇ ಬಿಟ್ಟಿರುವುದು ಇಲ್ಲಿ ಕೆಲಸ ಮಾಡುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು, ಆಮೇಲೆ ಚಾರ್ಟ್ ಮಾಡುವಾಗ ನಿಮ್ಮ ಚೀಟಿ ಮೇಜಿನ ಮೇಲೆ ಇರುತ್ತದೆ.

ಪರೀಕ್ಷೆಯ ದಿನಗಳನ್ನೂ ಇಂಟರ್‌ವ್ಯೂನಲ್ಲೇ ಹೇಳಿಬಿಡಿ. ಹೇಳಿದರೆ ಕೆಲಸ ಸಿಗಲ್ಲ ಅಂತ ಮುಚ್ಚಿಡುವವರು ತುಂಬಾ ಜನ. ಮುಂಚೆಯೇ ಗೊತ್ತಿದ್ದರೆ ಆ ವಾರಗಳಿಗೆ ಬೇರೆಯವರನ್ನು ಹಾಕಬಹುದು. ಹಿಂದಿನ ದಿನ ರಾತ್ರಿ ಮೆಸೇಜ್ ಬಂದರೆ ಮ್ಯಾನೇಜರ್ ಏನು ಮಾಡಬೇಕು ಹೇಳಿ? ಬೇಸಿಗೆ ರಜೆಯ ಕೆಲಸವಾದರೆ ಕಾಲೇಜು ಮತ್ತೆ ಶುರುವಾಗುವ ತಾರೀಖು ಹೇಳಿ. ಕಲಿಸಲು ಮೊದಲ ಒಂದೆರಡು ವಾರ ಹೋಗುತ್ತದೆ, ಹಾಗಾಗಿ ಎಲ್ಲಿಯವರೆಗೆ ಇರುತ್ತೀರಿ ಅನ್ನುವುದು ಅವರಿಗೆ ಮುಖ್ಯ. ರಜೆ ಮುಗಿದ ಮೇಲೂ ಶನಿವಾರ ಬರಬಲ್ಲಿರಾದರೆ ಅದನ್ನೂ ಸೇರಿಸಿ.

ಈಗ ನಿಮ್ಮ ಅನುಭವದ ಪ್ರಶ್ನೆ. 'ಇದು ನನ್ನ ಮೊದಲ ಕೆಲಸ' ಅಂತ ನೇರವಾಗಿ ಹೇಳಿ. ಕ್ಷಮೆ ಕೇಳುವ ದನಿ ಬೇಡ. ಆದರೆ ಅಲ್ಲಿಗೆ ನಿಲ್ಲಿಸಬೇಡಿ, ತಕ್ಷಣ ನೀವು ಜವಾಬ್ದಾರಿ ಹೊತ್ತ ಒಂದು ಕೆಲಸದ ಬಗ್ಗೆ ಹೇಳಿ. 'ನಾನು ಹಾರ್ಡ್‌ವರ್ಕರ್, ಬೇಗ ಕಲೀತೀನಿ' ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ನನ್ನ ಕಿವಿಗೆ ಅದು ತಲುಪುವುದೇ ನಿಂತಿತ್ತು.

ಒಬ್ಬ ಹುಡುಗ ಹೇಳಿದ್ದು ಇನ್ನೂ ನೆನಪಿದೆ. ಕಾಲೇಜು ಫೆಸ್ಟ್‌ನಲ್ಲಿ ರಿಜಿಸ್ಟ್ರೇಷನ್ ಟೇಬಲ್ ನೋಡಿಕೊಳ್ಳುತ್ತಿದ್ದನಂತೆ. ಮೊದಲ ದಿನ ಸಂಜೆ ರಸೀದಿಗೂ ಕ್ಯಾಷ್‌ಗೂ ತಾಳೆ ಆಗಲಿಲ್ಲ. ಮೂರು ಜನ ಒಂದೇ ಡಬ್ಬಿಗೆ ದುಡ್ಡು ಹಾಕುತ್ತಿದ್ದರು, ಯಾರ ಲೆಕ್ಕ ತಪ್ಪಿತು ಅಂತ ಗೊತ್ತಾಗುತ್ತಿರಲಿಲ್ಲ. ಮಾರನೇ ದಿನ ಅವನು ಒಬ್ಬೊಬ್ಬರಿಗೂ ಬೇರೆ ರಸೀದಿ ಪುಸ್ತಕ, ಬೇರೆ ಕವರ್ ಕೊಟ್ಟ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಇಬ್ಬರು ಕೂತು ಎಣಿಸುವ ಹಾಗೆ ಮಾಡಿದ. ಅವತ್ತು ಲೆಕ್ಕ ಸರಿಹೋಯಿತು. ಅವನು ಕ್ಯಾಷ್ ಕೌಂಟರ್ ಮುಟ್ಟಿಯೂ ಇರಲಿಲ್ಲ. ಆದರೆ ಕ್ಯಾಷ್ ಕೌಂಟರ್‌ನಲ್ಲಿ ನಾವು ಮಾಡುತ್ತಿದ್ದುದೂ ಅದನ್ನೇ, ಅಲ್ವಾ? ಅವನನ್ನು ತೆಗೆದುಕೊಂಡೆ.

ನಿಮ್ಮ ಬಳಿ ಫೆಸ್ಟ್ ಕಥೆ ಇಲ್ಲದಿರಬಹುದು. ತಮ್ಮನಿಗೋ ಪಕ್ಕದ ಮನೆ ಮಗುವಿಗೋ ಪಾಠ ಹೇಳಿಕೊಟ್ಟಿರಬಹುದು, ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಒಬ್ಬರು ಕೈಕೊಟ್ಟಾಗ ನೀವು ಸಂಭಾಳಿಸಿರಬಹುದು. ಏನು ತೊಂದರೆ ಬಂತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟು ಒಂದು ನಿಮಿಷದಲ್ಲಿ ಹೇಳಿದರೆ ಸಾಕು. 'ನಾವು ಮಾಡಿದೆವು' ಅಂತಲೇ ಹೇಳುತ್ತಾ ಹೋದರೆ ನಿಮ್ಮ ಪಾಲು ಕಾಣುವುದಿಲ್ಲ. ಕಥೆ ಕಟ್ಟುವುದಂತೂ ಬೇಡ. 'ಆಗ ಯಾರು ನಿಮ್ಮ ಮಾತಿಗೆ ಒಪ್ಪಲಿಲ್ಲ?' ಅಂತ ಒಂದು ಪ್ರಶ್ನೆ ಕೇಳಿದರೆ ಕಟ್ಟಿದ ಕಥೆ ಅಲ್ಲೇ ಬಿದ್ದುಹೋಗುತ್ತದೆ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಗಿರಾಕಿ ಸಾಮಾನು ವಾಪಸ್ ತಂದು ಜಗಳ ತೆಗೆದರೆ ಏನು ಮಾಡುತ್ತೀರಿ? ಇಲ್ಲಿ ಜಾಣತನ ತೋರಿಸಲು ಹೋಗಿ 'ದುಡ್ಡು ವಾಪಸ್ ಕೊಟ್ಟು ಸಮಾಧಾನ ಮಾಡ್ತೀನಿ' ಅನ್ನುವವರಿದ್ದಾರೆ. ಹೊಸಬರಿಗೆ ಆ ಅಧಿಕಾರ ಇರುವುದಿಲ್ಲ. ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಬಿಲ್ ನೋಡುತ್ತೇನೆ, ನನ್ನ ಕೈಯಲ್ಲಿ ಇಲ್ಲದ್ದನ್ನು ಮಾತು ಕೊಡದೆ ಸೀನಿಯರ್‌ನ ಕರೆಯುತ್ತೇನೆ ಅನ್ನಿ. ತನಗೆ ಗೊತ್ತಿಲ್ಲ ಅಂತ ಗೊತ್ತಿರುವವರನ್ನೇ ನಾನು ಹುಡುಕುತ್ತಿದ್ದೆ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಒಗೆದು ಇಸ್ತ್ರಿ ಮಾಡಿದ್ದರೆ ಸಾಕು. ಹತ್ತು ನಿಮಿಷ ಮುಂಚೆ ಹೋಗಿ, ಅರ್ಧ ಗಂಟೆ ಮುಂಚೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ.

ನೀವೂ ಕೇಳಬೇಕು. ಡ್ಯೂಟಿ ಚಾರ್ಟ್ ಎಷ್ಟು ದಿನ ಮುಂಚೆ ಕೊಡುತ್ತೀರಿ? ಟ್ರೇನಿಂಗ್ ದಿನಗಳಿಗೂ ಸಂಬಳ ಇದೆಯಾ? ಸಂಬಳ ಗಂಟೆ ಲೆಕ್ಕವೋ ತಿಂಗಳ ಲೆಕ್ಕವೋ, ಯಾವ ದಿನ ಕೈಗೆ ಬರುತ್ತದೆ? ಕೇಳಿದ್ದಕ್ಕೆ ಬೇಜಾರಾಗುವ ಮ್ಯಾನೇಜರ್ ಇದ್ದರೆ ಅದೂ ಒಂದು ಉತ್ತರವೇ. ಕೆಲಸ ಕೊಡಲು ಮೊದಲು ನೀವೇ ದುಡ್ಡು ಕಟ್ಟಬೇಕು ಅಂದರೆ, ಇಲ್ಲವೇ ಮಾರ್ಕ್ಸ್ ಕಾರ್ಡ್‌ನ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅಂದರೆ, ಎದ್ದು ಬನ್ನಿ. ನೋಡಲು ಒರಿಜಿನಲ್ ಕೇಳುವುದು ಬೇರೆ, ಇಟ್ಟುಕೊಳ್ಳುವುದು ಬೇರೆ.

ಹೊರಡುವ ಮೊದಲು 'ಯಾವಾಗ ತಿಳಿಸ್ತೀರಿ?' ಅಂತ ಕೇಳಿ. ಅವರು ಹೇಳಿದ ದಿನ ದಾಟಿದರೆ ಒಂದು ಸಲ ಫೋನ್ ಮಾಡಿ, ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿಕೊಂಡು. ಬೇರೆಯವರನ್ನು ತೆಗೆದುಕೊಂಡಿದ್ದಾರೆ ಅಂದರೆ, ಮುಂದೆ ಯಾರಾದರೂ ಬಿಟ್ಟರೆ ಕರೆಯಿರಿ ಅಂತ ಹೇಳಿ ಇಡಿ. ಪಾರ್ಟ್‌ಟೈಮ್‌ನವರು ಬಿಡುತ್ತಲೇ ಇರುತ್ತಾರೆ. ನಾನಂತೂ ಆಗ ಮೊದಲು ಹುಡುಕುತ್ತಿದ್ದುದು ಹಳೆಯ ಚೀಟಿಗಳನ್ನೇ.